ಮೂರು ವಾರದಿಂದ ಎಡಗಣ್ಣಿನ ಕೆಳರೆಪ್ಪೆ ಅದುರುತ್ತಿದೆ, ಇದು ಬ್ಲೆಫರೋಸ್ಪಾಸಂ ಇರಬಹುದಾ?

ಶಾಲ್ಮಲಿ:
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ನನ್ನ ಎಡಗಣ್ಣಿನ ಕೆಳಗಿನ ರೆಪ್ಪೆ ಅದುರುತ್ತಿದೆ. ಒಂದೇ ಸಮನೆ ಅಲ್ಲ. ದಿನಕ್ಕೆ ಹತ್ತು ಹದಿನೈದು ಸಲ ಬರುತ್ತದೆ. ಕೆಲವು ಸಲ ನಾಲ್ಕೈದು ಸೆಕೆಂಡಿಗೆ ನಿಲ್ಲುತ್ತದೆ, ಕೆಲವು ಸಲ ಬಿಟ್ಟು ಬಿಟ್ಟು ಅರ್ಧ ಗಂಟೆ ಎಳೆಯುತ್ತದೆ. ನೋವಿಲ್ಲ, ಕಣ್ಣು ಕೆಂಪಾಗಿಲ್ಲ, ಓದುವುದಕ್ಕೆ ಏನೂ ತೊಂದರೆ ಇಲ್ಲ. ಚರ್ಮದ ಒಳಗೆ ಸಣ್ಣ ಹುಳ ಹರಿದ ಹಾಗೆ ಅನಿಸುತ್ತದೆ ಅಷ್ಟೆ.

ಮೊದಲ ವಾರ ಸುಮ್ನೆ ಇದ್ದೆ. ಆಮೇಲೆ ಅಲ್ಲಿ ಇಲ್ಲಿ ಓದಲು ಶುರು ಮಾಡಿದೆ. ಬ್ಲೆಫರೋಸ್ಪಾಸಂ ಅನ್ನುವ ಹೆಸರು ಸಿಕ್ಕಿತು. ಕಣ್ಣು ತಾನಾಗಿಯೇ ಮುಚ್ಚಿಕೊಂಡು, ಕಣ್ಣು ಚೆನ್ನಾಗಿದ್ದರೂ ಕಾಣಿಸದ ಹಾಗೆ ಆಗುತ್ತದಂತೆ. ಅದನ್ನು ಓದಿದ ಮೇಲೆ ನಿದ್ದೆಯೂ ಹೋಯಿತು. ನನಗೆ 34 ವರ್ಷ. ಕೆಲಸದಲ್ಲಿ ಒಂದು ದೊಡ್ಡ ಗಡುವು ಇದೆ, ಎರಡು ತಿಂಗಳಿಂದ ರಾತ್ರಿ ನಿದ್ದೆ ಐದು ಗಂಟೆ ದಾಟಿಲ್ಲ. ಕಾಫಿ ದಿನಕ್ಕೆ ಐದು ಕಪ್, ಕೊನೆಯದು ರಾತ್ರಿ ಒಂಬತ್ತಕ್ಕೆ. ಇದು ಅದರ ಶುರುವಾ, ಅಲ್ಲ ಬರೀ ಸುಸ್ತಾ? ಗೊತ್ತಿರುವವರು ಹೇಳಿ.

ಕಡಲದಂಡೆ:
ನಿದ್ದೆ ಐದು ಗಂಟೆ, ಕಾಫಿ ಐದು ಕಪ್. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆಯಲ್ಲ.

ಹೊಂಗೆ ನೆರಳು:
ಮೆಗ್ನೀಶಿಯಂ ಕಡಿಮೆ ಆದಾಗ ಹೀಗೇ ಆಗುವುದು. ನನಗೂ ಆಗಿತ್ತು. ಮಾತ್ರೆ ತಗೊಂಡೆ, ಹತ್ತು ದಿನದಲ್ಲಿ ನಿಂತುಹೋಯಿತು. ಡಾಕ್ಟರ ಹತ್ತಿರ ಹೋಗುವ ಅಗತ್ಯವೇ ಇಲ್ಲ, ನೇರ ಅಂಗಡಿಗೆ ಹೋಗಿ ತನ್ನಿ.

ಬೆಳಕಿಂಡಿ:
ನಾನು ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಡಾಕ್ಟರ್ ಅಲ್ಲ, ಆಪ್ಟೊಮೆಟ್ರಿಸ್ಟ್. ಹೀಗೆ ಗಾಬರಿಯಾಗಿ ಬರುವವರನ್ನು ಪ್ರತಿ ವಾರ ನೋಡುತ್ತೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಶಾಲ್ಮಲಿಯವರೇ, ಒಂದೇ ಪ್ರಶ್ನೆ. ಅದುರುವಾಗ ನಿಮ್ಮ ಕಣ್ಣು ಮುಚ್ಚಿಕೊಳ್ಳುತ್ತದೆಯಾ? ಮಿಟುಕಿಸುವುದನ್ನು ಕೇಳುತ್ತಿಲ್ಲ. ನೀವು ಬೇಡ ಅಂದರೂ ರೆಪ್ಪೆ ಬಿಗಿಯಾಗಿ ಮುಚ್ಚಿ, ತೆರೆಯಲು ಒದ್ದಾಡಬೇಕಾಗುತ್ತದಾ ಅಂತ. ನೀವು ಬರೆದಿದ್ದು ನೋಡಿದರೆ ಇಲ್ಲ ಅನಿಸುತ್ತದೆ. ಇಲ್ಲ ಅಂದರೆ ನಿಮ್ಮ ಹೆದರಿಕೆಯ ಬಹುಪಾಲು ಅಲ್ಲೇ ಮುಗಿಯಿತು.

ಕಣ್ಣಿನ ಸುತ್ತ ಬಳೆಯ ಹಾಗೆ ಒಂದು ಸ್ನಾಯು ಇದೆ. ಕಣ್ಣು ಮುಚ್ಚುವುದು ಅದರ ಕೆಲಸ. ನಿಮಗೆ ಆಗುತ್ತಿರುವುದರಲ್ಲಿ ಆ ಬಳೆಯ ಒಂದು ಮೂಲೆಯ ಕೆಲವು ಎಳೆಗಳು ಮಾತ್ರ ತಮ್ಮಷ್ಟಕ್ಕೆ ಮಿಡಿಯುತ್ತವೆ. ಬಹುತೇಕ ಕೆಳರೆಪ್ಪೆಯಲ್ಲೇ, ಬಹುತೇಕ ಒಂದೇ ಕಣ್ಣಿನಲ್ಲಿ. ಆ ನಾಲ್ಕು ಎಳೆಗಳಿಗೆ ಇಡೀ ಕಣ್ಣನ್ನು ಮುಚ್ಚುವ ಶಕ್ತಿ ಇಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಮಯೋಕಿಮಿಯಾ ಅಂತಾರೆ. ಇಡೀ ಮುಖ ಕುಣಿಯುತ್ತಿದೆ ಅಂತ ನಿಮಗೆ ಅನಿಸುತ್ತದೆ, ಪಕ್ಕದಲ್ಲಿ ಕೂತವರಿಗೆ ಕಾಣುವುದೂ ಕಷ್ಟ.

ಬ್ಲೆಫರೋಸ್ಪಾಸಂನಲ್ಲಿ ಬಳೆ ಪೂರ್ತಿ ಬಿಗಿಯುತ್ತದೆ. ಎರಡೂ ಕಣ್ಣಿನಲ್ಲಿ, ಒಂದೇ ಹೊತ್ತಿಗೆ. ಅದರ ಮೂಲ ರೆಪ್ಪೆಯಲ್ಲಿಲ್ಲ, ಮೆದುಳಿನಲ್ಲಿ ಚಲನೆಯನ್ನು ಹಿಡಿತದಲ್ಲಿಡುವ ಭಾಗಗಳಲ್ಲಿದೆ. ಸಾಮಾನ್ಯವಾಗಿ ಐವತ್ತು ದಾಟಿದವರಲ್ಲಿ ಶುರುವಾಗುತ್ತದೆ, ಹೆಂಗಸರಲ್ಲಿ ಜಾಸ್ತಿ. ಇವೆರಡೂ ಒಂದೇ ಕಾಯಿಲೆಯ ಸಣ್ಣ ರೂಪ, ದೊಡ್ಡ ರೂಪ ಅಲ್ಲ. ಬೇರೆ ಬೇರೆ. ಇದು ಬೆಳೆದು ಅದಾಗುತ್ತದೆ ಅನ್ನುವ ಭಯದಲ್ಲೇ ಜನ ನಿದ್ದೆ ಕೆಡಿಸಿಕೊಳ್ಳುತ್ತಾರೆ, ನಿದ್ದೆ ಕೆಟ್ಟಷ್ಟೂ ರೆಪ್ಪೆ ಇನ್ನೂ ಅದುರುತ್ತದೆ.

ಶಾಲ್ಮಲಿ:
ಇಲ್ಲ, ಮುಚ್ಚಿಕೊಳ್ಳುವುದಿಲ್ಲ. ಒಂದು ಸಲವೂ ಆಗಿಲ್ಲ. ಕನ್ನಡಿಯಲ್ಲಿ ನೋಡಿದರೆ ಕೆಳರೆಪ್ಪೆಯ ಹೊರಮೂಲೆಯ ಹತ್ತಿರ ಚರ್ಮ ಸ್ವಲ್ಪ ಅಲೆ ಎದ್ದ ಹಾಗೆ ಕಾಣುತ್ತದೆ. ಅದೂ ಹತ್ತಿರ ಹೋಗಿ ನೋಡಿದರೆ ಮಾತ್ರ. ತುಂಬಾ ಥ್ಯಾಂಕ್ಸ್, ಓದಿ ಉಸಿರು ಬಂತು.

ಬೆಳಕಿಂಡಿ:
ಹಾಗಿದ್ದರೆ ಸರಿ. ಮುಂದಿನ ಸಲ ಬಂದಾಗ ಯಾರಿಗಾದರೂ ಹೇಳಿ ಫೋನಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿಸಿಕೊಳ್ಳಿ. ಡಾಕ್ಟರ ಮುಂದೆ ಕೂತಾಗ ಅದುರುವುದು ನಿಂತಿರುತ್ತದೆ, ಯಾವಾಗಲೂ ಹಾಗೇ. ಹತ್ತು ಮಾತಿಗಿಂತ ಆ ವಿಡಿಯೋ ಜಾಸ್ತಿ ಉಪಯೋಗ.

ಮೂರನೇ ಮೆಟ್ಟಿಲು:
ನನ್ನ ಮಗನಿಗೂ ಇದೇ ಸಮಸ್ಯೆ. ಏಳು ವರ್ಷ. ಟಿವಿ ನೋಡುವಾಗ ಎರಡೂ ಕಣ್ಣು ಪಟಪಟ ಅಂತ ಮಿಟುಕಿಸುತ್ತಾನೆ. ಕಾಫಿ ಕುಡಿಯುವುದೇ ಇಲ್ಲ. ಅವನಿಗೂ ಮೆಗ್ನೀಶಿಯಂ ಕೊಡಬಹುದಾ?

ಬೆಳಕಿಂಡಿ:
ದಯವಿಟ್ಟು ಕೊಡಬೇಡಿ. ಇದು ಬೇರೆ ವಿಷಯ. ರೆಪ್ಪೆಯ ಒಂದು ಮೂಲೆ ಅದುರುವುದಕ್ಕೂ ಮಗು ಪದೇಪದೇ ಮಿಟುಕಿಸುವುದಕ್ಕೂ ಸಂಬಂಧ ಇಲ್ಲ. ಮಕ್ಕಳಲ್ಲಿ ಅದು ಕಣ್ಣಿನ ಅಲರ್ಜಿ ಇರಬಹುದು, ಕನ್ನಡಕ ಬೇಕಾಗಿರಬಹುದು, ಟಿಕ್ ಅನ್ನುವ ಅಭ್ಯಾಸದಂಥ ಚಲನೆಯೂ ಇರಬಹುದು. ಟಿಕ್ ಆದರೆ ಬಹಳಷ್ಟು ಸಲ ತಾನಾಗಿ ಹೋಗುತ್ತದೆ. ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಮಿಟುಕಿಸಬೇಡ ಅಂತ ಮಾತ್ರ ಗದರಬೇಡಿ, ಜಾಸ್ತಿ ಆಗುತ್ತದೆ.

ಮೂರನೇ ಮೆಟ್ಟಿಲು:
ಸರಿ ಮೇಡಂ. ಗದರುತ್ತಾ ಇದ್ದೆ. ನಿಲ್ಲಿಸುತ್ತೇನೆ.

ಹೊಂಗೆ ನೆರಳು:
ಆದರೆ ಮೆಗ್ನೀಶಿಯಂ ನನಗೆ ಕೆಲಸ ಮಾಡಿದೆಯಲ್ಲ? ಅನುಭವಕ್ಕೆ ಬೆಲೆ ಇಲ್ಲವಾ?

ಗೋಧೂಳಿ 77:
ಹತ್ತು ದಿನದಲ್ಲಿ ನಿಂತಿತು ಅಂದಿರಿ. ಈ ಅದುರುವಿಕೆ ಏನೂ ಮಾಡದೆ ಇದ್ದರೂ ಎಷ್ಟೋ ಜನರಿಗೆ ಕೆಲವು ದಿನ, ಕೆಲವು ವಾರದಲ್ಲಿ ನಿಲ್ಲುತ್ತದೆ. ಹಾಗಿರುವಾಗ ಮಾತ್ರೆಯಿಂದಲೇ ನಿಂತಿತು ಅಂತ ಹೇಗೆ ಹೇಳುತ್ತೀರಿ? ಆ ಹತ್ತು ದಿನ ನಿದ್ದೆ ಹೇಗಿತ್ತು?

ಹೊಂಗೆ ನೆರಳು:
ರಜೆಯಲ್ಲಿದ್ದೆ.

ಗೋಧೂಳಿ 77:
ನೋಡಿ ಮತ್ತೆ.

ಬೆಳಕಿಂಡಿ:
ಹೊಂಗೆ ನೆರಳು ಅವರು ಪೂರ್ತಿ ತಪ್ಪು ಹೇಳಿಲ್ಲ. ರಕ್ತದಲ್ಲಿ ಮೆಗ್ನೀಶಿಯಂ ನಿಜಕ್ಕೂ ತುಂಬಾ ಇಳಿದರೆ ಸ್ನಾಯುಗಳು ಅದುರುತ್ತವೆ. ಆದರೆ ಆಗ ಕೈಕಾಲು ಹಿಡಿದುಕೊಳ್ಳುವುದು, ನಿಶ್ಶಕ್ತಿ, ವಾಕರಿಕೆ ಇಂಥದ್ದೂ ಬರುತ್ತದೆ. ಬೇರೇನೂ ಇಲ್ಲದೆ ಒಂದು ರೆಪ್ಪೆ ಮಾತ್ರ ಅದುರಿದರೆ ಅದು ಕೊರತೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಮೂತ್ರಪಿಂಡದ ತೊಂದರೆ ಇರುವವರು ಕೇಳದೆ ತಗೊಂಡರೆ ಅಪಾಯವೂ ಇದೆ, ಮೈಯಲ್ಲಿ ಶೇಖರ ಆಗುತ್ತದೆ. ಅದಕ್ಕೇ ನೇರ ಅಂಗಡಿಗೆ ಹೋಗಿ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಇಬ್ಬನಿ:
ಕಾಫಿ ಪೂರ್ತಿ ಬಿಡಿ. ನಾಳೆಯಿಂದಲೇ. ಅರ್ಧಂಬರ್ಧ ಮಾಡಿದರೆ ಏನೂ ಆಗಲ್ಲ.

ಕಡಲದಂಡೆ:
ಐದು ಕಪ್ ಕುಡಿಯುವವರು ಒಂದೇ ದಿನಕ್ಕೆ ಬಿಟ್ಟರೆ ಮಾರನೇ ದಿನ ತಲೆ ಸಿಡಿಯುತ್ತದೆ. ನಾನು ಹಾಗೆ ಮಾಡಿ ಮೂರು ದಿನ ಮಲಗಿದ್ದೆ. ಗಡುವು ಇರುವ ಹೊತ್ತಿನಲ್ಲಿ ಇಂಥ ಸಲಹೆ ಕೊಡಬೇಡಿ.

ಇಬ್ಬನಿ:
ತಲೆನೋವು ಎರಡು ದಿನ ಇರುತ್ತದೆ, ಹೋಗುತ್ತದೆ. ನನಗೇನೂ ಆಗಿಲ್ಲ.

ಬೆಳಕಿಂಡಿ:
ಬಿಟ್ಟ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಕೆಲವರಿಗೆ ಎರಡು ದಿನ, ಕೆಲವರಿಗೆ ಒಂದು ವಾರ. ನಿಧಾನಕ್ಕೆ ಇಳಿಸುವುದೇ ಸುಲಭ, ಎರಡು ಮೂರು ದಿನಕ್ಕೆ ಅರ್ಧ ಕಪ್ ಕಡಿಮೆ ಮಾಡುತ್ತಾ ಹೋದರೆ ಸಾಕು.

ಮೊದಲು ತೆಗೆಯಬೇಕಾದ್ದು ರಾತ್ರಿ ಒಂಬತ್ತರ ಕಪ್. ಕುಡಿದ ಕೆಫೀನಿನಲ್ಲಿ ಅರ್ಧ ಖಾಲಿಯಾಗಲು ಸುಮಾರು ಐದು ಗಂಟೆ ಬೇಕು. ಅಂದರೆ ರಾತ್ರಿ ಎರಡಕ್ಕೂ ಆ ಕಪ್ಪಿನ ಅರ್ಧ ನಿಮ್ಮ ಮೈಯಲ್ಲೇ ಇರುತ್ತದೆ. ನಿದ್ದೆ ಬಂದರೂ ಆಳವಾಗಿ ಬರಲ್ಲ. ಬೆಳಿಗ್ಗೆ ಸುಸ್ತು, ಸುಸ್ತಿಗೆ ಇನ್ನೊಂದು ಕಪ್. ರೆಪ್ಪೆಯನ್ನು ಕಾಫಿ ನೇರವಾಗಿ ಕೆಣಕುತ್ತಿದೆಯೋ, ನಿದ್ದೆ ಕೆಡಿಸಿ ಕೆಣಕುತ್ತಿದೆಯೋ ಅಂತ ಬಿಡಿಸಿ ಹೇಳುವುದು ಕಷ್ಟ. ಎರಡೂ ಇರಬಹುದು. ಟೀ, ಕೋಲಾ, ಎನರ್ಜಿ ಡ್ರಿಂಕ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ, ಪಟ್ಟಿಯ ಹಿಂದೆ ಓದಿ ನೋಡಿ.

ಗೋಧೂಳಿ 77:
ನಾನು ಕಾಫಿ, ಟೀ ಮುಟ್ಟುವುದೇ ಇಲ್ಲ, ನನಗೂ ವರ್ಷಕ್ಕೊಂದು ಸಲ ಬರುತ್ತದೆ. ನನಗೆ ಕಾಫಿಯ ಮೇಲೆ ಸುಮ್ನೆ ಅಪವಾದ ಹೊರಿಸುತ್ತಾರೆ ಅನಿಸುತ್ತದೆ. ಸ್ಕ್ರೀನ್ ಮುಂದೆ ಹತ್ತು ಗಂಟೆ ಕೂರುವುದೇ ಕಾರಣ ಇರಬೇಕು.

ಬೆಳಕಿಂಡಿ:
ಅದೂ ಒಂದು ಕಾರಣವೇ. ಸ್ಕ್ರೀನ್ ನೋಡುವಾಗ ನಾವು ಮಿಟುಕಿಸುವುದು ಕಡಿಮೆ. ಕಣ್ಣಿನ ಮೇಲಿನ ನೀರಿನ ಪದರ ಒಣಗುತ್ತದೆ, ಉರಿ ಬರುತ್ತದೆ, ರೆಪ್ಪೆ ಕೆರಳುತ್ತದೆ. ಸಂಜೆ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಅನಿಸಿದರೆ ಒಣಕಣ್ಣನ್ನೇ ಮೊದಲು ನೋಡಿಕೊಳ್ಳಬೇಕು. ಆದರೆ ಹತ್ತು ಜನರಿಗೆ ಹತ್ತು ಕಾರಣ ಇರಬಹುದು. ಯಾವುದೂ ಇಲ್ಲದೆ ಬರುವವರೂ ಇದ್ದಾರೆ.

ಕೆಂಡಸಂಪಿಗೆ:
ನಾನು ಇಲ್ಲಿ ಬರೆಯುವುದು ಅಪರೂಪ. ಇವತ್ತು ಬರೆಯಲೇಬೇಕು ಅನಿಸಿತು, ಯಾಕೆಂದರೆ ನನ್ನ ಅಮ್ಮನಿಗೆ ಇರುವುದು ನಿಜವಾದ ಬ್ಲೆಫರೋಸ್ಪಾಸಂ. ಎರಡೂ ಒಂದೇ ಅಂದುಕೊಂಡು ಹೆದರುವವರಿಗೆ ಅದು ಹೇಗಿರುತ್ತದೆ ಅಂತ ಗೊತ್ತಾದರೆ ಒಳ್ಳೆಯದು.

ಅಮ್ಮನಿಗೆ ಆಗ 58. ರೆಪ್ಪೆ ಅದುರುವುದರಿಂದ ಶುರುವಾಗಲೇ ಇಲ್ಲ. ಮಿಟುಕಿಸುವುದು ಜಾಸ್ತಿ ಆಯಿತು, ಎರಡೂ ಕಣ್ಣು. ಬಿಸಿಲಿಗೆ ಹೋದರೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಕಣ್ಣು ಒಣಗಿದೆ ಅಂತ ಹನಿ ಔಷಧಿ ಕೊಟ್ಟರು. ಒಂದಾದ ಮೇಲೆ ಒಂದು ಬದಲಿಸಿದರು, ಕನ್ನಡಕವನ್ನೂ ಎರಡು ಸಲ ಬದಲಿಸಿದೆವು. ಹೀಗೇ ಒಂದೂವರೆ ವರ್ಷ ಹೋಯಿತು. ಪ್ರತಿ ಸಲ ಅಕ್ಷರದ ಪಟ್ಟಿಯನ್ನು ಕೊನೆಯ ಸಾಲಿನವರೆಗೆ ಓದುತ್ತಿದ್ದರು, ದೃಷ್ಟಿ ಚೆನ್ನಾಗಿದೆ ಅಂತ ಕಳಿಸುತ್ತಿದ್ದರು. ಮನೆಯಲ್ಲಿ ನಾವೂ, ಅಮ್ಮ ಸುಮ್ನೆ ಚಿಂತೆ ಮಾಡುತ್ತಾಳೆ ಅಂದುಕೊಂಡೆವು. ಅದು ಈಗಲೂ ನನ್ನನ್ನು ಕಾಡುತ್ತದೆ.

ಒಂದು ದಿನ ರಸ್ತೆ ದಾಟುವಾಗ ನಡುವೆ ಕಣ್ಣು ಮುಚ್ಚಿಕೊಂಡವು. ತೆರೆಯಲಿಲ್ಲ. ನನ್ನ ಕೈ ಹಿಡಿದು ನಿಂತುಬಿಟ್ಟರು. ಹುಬ್ಬು ಮೇಲೆತ್ತಿ ಒದ್ದಾಡುತ್ತಿದ್ದಾರೆ, ರೆಪ್ಪೆ ಮಾತ್ರ ಅಂಟಿಸಿದ ಹಾಗೆ. ಆಗಲೇ ನಮಗೆ ಇದು ಚಿಂತೆಯ ಮಾತಲ್ಲ ಅಂತ ಗೊತ್ತಾಗಿದ್ದು.

ಆಮೇಲೆ ನೋಡಿದ ನರರೋಗ ತಜ್ಞರು ಹತ್ತು ನಿಮಿಷದಲ್ಲಿ ಹೇಳಿದರು. ಮೆತ್ತಗೆ ಕಣ್ಣು ಮುಚ್ಚಿ ತೆರೆಯಿರಿ, ಬೇಗ ಬೇಗ ಮಿಟುಕಿಸಿ, ಗಟ್ಟಿಯಾಗಿ ಮುಚ್ಚಿ ತೆರೆಯಿರಿ ಅಂತ ಮಾಡಿಸಿದರು. ಗಟ್ಟಿಯಾಗಿ ಮುಚ್ಚಿದ ಮೇಲೆ ಎರಡೂ ಕಣ್ಣು ಒಟ್ಟಿಗೆ ಬಿಗಿದುಕೊಂಡವು. ಆಮೇಲೆ ಅವರು ಕೇಳಿದ ಪ್ರಶ್ನೆ ನಾನು ಮರೆಯಲ್ಲ: ಏನಾದರೂ ಮಾಡಿದರೆ ಕಣ್ಣು ತೆರೆದುಕೊಳ್ಳುತ್ತದಾ? ಅಮ್ಮ ನಾಚಿಕೊಂಡು ಹೇಳಿದರು, ಹಾಡು ಗುನುಗಿದರೆ ತೆರೆಯುತ್ತದೆ, ಕಣ್ಣಿನ ಪಕ್ಕ ಕಪೋಲದ ಹತ್ತಿರ ಬೆರಳಿಟ್ಟರೂ ತೆರೆಯುತ್ತದೆ ಅಂತ. ನಮಗೆ ಯಾರಿಗೂ ಅದು ಗೊತ್ತೇ ಇರಲಿಲ್ಲ. ಡಾಕ್ಟರಿಗೆ ಅದೇ ಗಟ್ಟಿ ಸುಳಿವಾಯಿತು.

ಶಾಲ್ಮಲಿ:
ಓದಿ ಕಣ್ಣು ತುಂಬಿತು ಅಕ್ಕ. ಈಗ ಅಮ್ಮ ಹೇಗಿದ್ದಾರೆ?

ಕೆಂಡಸಂಪಿಗೆ:
ಚೆನ್ನಾಗಿದ್ದಾರೆ ಶಾಲ್ಮಲಿ. ಬೊಟಾಕ್ಸ್ ಇಂಜೆಕ್ಷನ್ ಕೊಡುತ್ತಾರೆ, ಕಣ್ಣಿನ ಸುತ್ತ ಸಣ್ಣ ಸೂಜಿಯಲ್ಲಿ ಕೆಲವು ಕಡೆ. ಕೊಟ್ಟ ದಿನವೇ ಏನೂ ಗೊತ್ತಾಗಲ್ಲ. ಮೂರು ನಾಲ್ಕು ದಿನದ ಮೇಲೆ ಬಿಗಿತ ಸಡಿಲವಾಗುತ್ತದೆ. ಸುಮಾರು ಮೂರು ತಿಂಗಳು ನಡೆಯುತ್ತದೆ, ಆಮೇಲೆ ಮತ್ತೆ ಬೇಕು. ಕಾಯಿಲೆ ಹೋಗಿಲ್ಲ, ಹಿಡಿತದಲ್ಲಿದೆ. ಎರಡನೇ ಸಲ ಕೊಟ್ಟಾಗ ಒಂದು ಮೇಲ್ರೆಪ್ಪೆ ಜೋತುಬಿತ್ತು, ಮೂರು ವಾರ ಹಾಗೇ ಇತ್ತು, ತಾನಾಗಿ ಸರಿಹೋಯಿತು. ಮುಂದಿನ ಸಲ ಜಾಗ ಸ್ವಲ್ಪ ಬದಲಿಸಿ ಕೊಟ್ಟರು. ಈಗ ಒಬ್ಬರೇ ಹೊರಗೆ ಹೋಗಿ ಬರುತ್ತಾರೆ.

ಇಬ್ಬನಿ:
ಬೊಟಾಕ್ಸ್ ಅಂದರೆ ಸುಕ್ಕು ತೆಗೆಯಲು ಹಾಕಿಸಿಕೊಳ್ಳುವುದಲ್ವಾ? ಅದನ್ನು ಕಾಯಿಲೆಗೆ ಕೊಡುತ್ತಾರಾ?

ಬೆಳಕಿಂಡಿ:
ಕಣ್ಣಿಗೇ ಮೊದಲು ಬಂದಿದ್ದು. ಅಮೆರಿಕದಲ್ಲಿ 1989ರಲ್ಲಿ ಅದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದೇ ಮೆಳ್ಳಗಣ್ಣಿಗೆ ಮತ್ತು ಬ್ಲೆಫರೋಸ್ಪಾಸಂಗೆ. ಸುಕ್ಕಿನ ವಿಷಯ ಬಂದಿದ್ದು ವರ್ಷಗಳ ಮೇಲೆ.

ಕೆಂಡಸಂಪಿಗೆ ಅವರ ಅಮ್ಮನಿಗೆ ಆದ ಹಾಗೆ ತಡವಾಗುವುದು ತುಂಬಾ ಇದೆ. ಶುರುವಿನಲ್ಲಿ ಒಣಕಣ್ಣಿನ ಹಾಗೇ ಕಾಣುತ್ತದೆ, ಕೆಲವರಿಗೆ ಎರಡೂ ಒಟ್ಟಿಗೆ ಇರುತ್ತದೆ. ಹನಿ ಹಾಕಿಯೂ ಮಿಟುಕಿಸುವುದು, ಬೆಳಕಿಗೆ ಕಣ್ಣು ಮುಚ್ಚುವುದು ಜಾಸ್ತಿ ಆಗುತ್ತಲೇ ಹೋದರೆ ಆಗ ನರರೋಗ ತಜ್ಞರನ್ನೋ, ರೆಪ್ಪೆಯ ಕಾಯಿಲೆಗಳನ್ನೇ ನೋಡುವ ಕಣ್ಣಿನ ಡಾಕ್ಟರನ್ನೋ ಕಾಣಬೇಕು. ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಿಗಳನ್ನು, ವಾಂತಿ ನಿಲ್ಲಿಸುವ ಕೆಲವು ಔಷಧಿಗಳನ್ನು ಬಹಳ ಕಾಲ ತಗೊಂಡವರಲ್ಲೂ ಇಂಥ ಬಿಗಿತ ಬರಬಹುದು. ಅದಕ್ಕೆ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗೆ ಇಟ್ಟುಕೊಂಡು ಹೋಗಿ. ಓದಿ ಗಾಬರಿಯಾಗಿ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ.

ನೀಲಿ ಕೊಡೆ:
ನನ್ನದು ಇವೆರಡೂ ಅಲ್ಲ ಅನಿಸುತ್ತದೆ. ಬಲಗಣ್ಣಿನ ಕೆಳಗೆ ಶುರುವಾಗಿ ಐದು ತಿಂಗಳಾಯಿತು. ಈಗ ಕಣ್ಣು ಅದುರಿದಾಗ ಬಲಗೆನ್ನೆ, ತುಟಿಯ ಮೂಲೆ ಕೂಡ ಮೇಲಕ್ಕೆ ಎಳೆಯುತ್ತದೆ. ಮಲಗಿದ್ದಾಗಲೂ ಎಳೆಯುತ್ತದೆ ಅಂತ ಹೆಂಡತಿ ಹೇಳುತ್ತಾಳೆ. ನಾನೂ ಕಾಫಿ ಕಡಿಮೆ ಮಾಡಬೇಕಾ?

ಬೆಳಕಿಂಡಿ:
ಇಲ್ಲ, ನೀವು ಡಾಕ್ಟರನ್ನು ನೋಡಬೇಕು, ಕಾಫಿಯ ಪ್ರಯೋಗ ಮಾಡಿಕೊಂಡು ಕಾಯಬೇಡಿ. ಒಂದೇ ಬದಿ, ಕಣ್ಣಿನಿಂದ ಕೆನ್ನೆಗೆ ಇಳಿದಿದೆ, ನಿದ್ದೆಯಲ್ಲೂ ನಿಂತಿಲ್ಲ. ಬ್ಲೆಫರೋಸ್ಪಾಸಂ ಸಾಮಾನ್ಯವಾಗಿ ನಿದ್ದೆಯಲ್ಲಿ ನಿಲ್ಲುತ್ತದೆ. ಮುಖದ ಅರ್ಧ ಭಾಗ ಸೆಳೆಯುವ ಇನ್ನೊಂದು ತೊಂದರೆ ಇದೆ, ಹೆಮಿಫೇಶಿಯಲ್ ಸ್ಪಾಸಂ. ತಲೆಯೊಳಗೆ ಮುಖದ ನರ ಹೊರಡುವ ಜಾಗದಲ್ಲಿ ಒಂದು ರಕ್ತನಾಳ ಅದಕ್ಕೆ ಒತ್ತುತ್ತಿರುವುದು ಅದರ ಸಾಮಾನ್ಯ ಕಾರಣ. ನಿಮ್ಮದು ಅದೇ ಅಂತ ಇಲ್ಲಿ ಕೂತು ಹೇಳಲಾರೆ. ನರರೋಗ ತಜ್ಞರು ನೋಡಿ, ಬಹುಶಃ ಎಂಆರ್‌ಐ ಮಾಡಿಸುತ್ತಾರೆ. ಅದಕ್ಕೂ ಬೊಟಾಕ್ಸ್ ಇದೆ, ಒತ್ತಡ ಬಿಡಿಸುವ ಶಸ್ತ್ರಚಿಕಿತ್ಸೆಯೂ ಇದೆ. ಈ ವಾರವೇ ಸಮಯ ತಗೊಳ್ಳಿ.

ನೀಲಿ ಕೊಡೆ:
ಸರಿ. ನಾಳೆಯೇ ಫೋನ್ ಮಾಡುತ್ತೇನೆ.

ಗೋಧೂಳಿ 77:
ಮಾಮೂಲಿ ಅದುರುವಿಕೆಗೆ ಎಷ್ಟು ದಿನ ಕಾಯಬಹುದು? ಎರಡು ವಾರ ದಾಟಿದರೆ ತೋರಿಸಬೇಕು ಅಂತ ನಾನು ಓದಿದ್ದೆ. ನನ್ನ ಡಾಕ್ಟರು ಮೂರು ತಿಂಗಳು ಕಾಯಿರಿ ಅಂದರು.

ಬೆಳಕಿಂಡಿ:
ಇದರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ದಿನ ಎಣಿಸುವುದಕ್ಕಿಂತ ಏನು ಬದಲಾಗಿದೆ ಅಂತ ನೋಡುತ್ತೇನೆ. ಕಣ್ಣು ಮುಚ್ಚಿಕೊಂಡರೆ, ಮುಖದ ಬೇರೆ ಕಡೆ ಹರಡಿದರೆ, ರೆಪ್ಪೆ ಜೋತುಬಿದ್ದರೆ, ಕಣ್ಣು ಕೆಂಪಾಗಿ ಕೀವು ಬಂದರೆ ಎರಡನೇ ದಿನವಾದರೂ ತೋರಿಸಿ. ಇದ್ಯಾವುದೂ ಇಲ್ಲದೆ ಅದೇ ಮೂಲೆಯಲ್ಲಿ ಅದೇ ಥರ ಅದುರುತ್ತಿದ್ದರೆ ಕೆಲವು ವಾರ ನೋಡಬಹುದು. ತಿಂಗಳುಗಟ್ಟಲೆ ಇದ್ದು ಆಮೇಲೆ ನಿಂತವರನ್ನೂ ಕಂಡಿದ್ದೇನೆ. ಆದರೂ ಮನಸ್ಸಿಗೆ ಕಿರಿಕಿರಿ ಇದ್ದರೆ ಒಂದು ಸಲ ತೋರಿಸುವುದರಲ್ಲಿ ತಪ್ಪಿಲ್ಲ.

ಕಡಲದಂಡೆ:
ನನ್ನ ಮಟ್ಟಿಗೆ ಎರಡು ವಾರವೇ ಸರಿ. ಕಾಯುವುದು ಯಾಕೆ?

ಗೋಧೂಳಿ 77:
ಎಲ್ಲರೂ ಎರಡು ವಾರಕ್ಕೆ ಹೋದರೆ ಕೆಂಡಸಂಪಿಗೆಯವರ ಅಮ್ಮನಂಥವರಿಗೆ ಸಮಯ ಸಿಗುವುದೇ ತಡ ಆಗುತ್ತದೆ.

ಶಾಲ್ಮಲಿ:
ಹದಿನಾರು ದಿನದ ಮೇಲೆ ಬರೆಯುತ್ತಿದ್ದೇನೆ. ಒಂದು ಪುಸ್ತಕದಲ್ಲಿ ಪ್ರತಿ ದಿನ ಮೂರು ವಿಷಯ ಬರೆದಿಟ್ಟೆ: ಎಷ್ಟು ಗಂಟೆ ಮಲಗಿದೆ, ಎಷ್ಟು ಕಪ್ ಕುಡಿದೆ, ಎಷ್ಟು ಸಲ ಅದುರಿತು.

ಮೊದಲ ದಿನವೇ ರಾತ್ರಿಯ ಕಪ್ ಬಿಟ್ಟೆ. ಆಮೇಲೆ ಮೂರು ದಿನಕ್ಕೆ ಅರ್ಧ ಕಪ್ ಇಳಿಸುತ್ತಾ ಬಂದೆ, ಈಗ ಎರಡು ಕಪ್, ಎರಡೂ ಮಧ್ಯಾಹ್ನದ ಒಳಗೆ. ತಲೆನೋವು ಒಂದು ದಿನ ಸ್ವಲ್ಪ ಬಂತು, ಅಷ್ಟೆ. ನಿದ್ದೆ ಮೊದಲ ನಾಲ್ಕು ದಿನ ಐದೂವರೆ ಗಂಟೆಯೇ ಇತ್ತು. ಆ ದಿನಗಳಲ್ಲಿ ಅದುರುವುದು 11, 14, 12, 13. ಏನೂ ಕಡಿಮೆ ಆಗಲಿಲ್ಲ, ಬೇಜಾರಾಯಿತು. ಐದನೇ ದಿನದಿಂದ ಆರೂವರೆ ಏಳು ಗಂಟೆ ಮಲಗಿದೆ. ಎಂಟನೇ ದಿನ 6 ಸಲ, ಹತ್ತನೇ ದಿನ 3. ಹನ್ನೊಂದರಂದು ಗಡುವು ಮುಗಿಯಿತು. ಹದಿಮೂರರಿಂದ ಒಂದೂ ಇಲ್ಲ.

ನಡುವೆ ಒಂದು ಸಲ ಕಣ್ಣು ಪರೀಕ್ಷೆಯನ್ನೂ ಮಾಡಿಸಿದೆ, ವಿಡಿಯೋ ತೋರಿಸಿದೆ. ಮಯೋಕಿಮಿಯಾ ಅಂದರು, ಸ್ವಲ್ಪ ಒಣಕಣ್ಣು ಇದೆ ಅಂತ ಹನಿ ಕೊಟ್ಟರು.

ಇಬ್ಬನಿ:
ನೋಡಿದಿರಾ, ಕಾಫಿಯೇ!

ಗೋಧೂಳಿ 77:
ಕಾಫಿ ಇಳಿಸಿದ ಮೊದಲ ನಾಲ್ಕು ದಿನ ಏನೂ ಆಗಿಲ್ಲ. ನಿದ್ದೆ ಸರಿಹೋದ ಮೇಲೆ ಇಳಿದಿದೆ. ನಿದ್ದೆ.

ಹೊಂಗೆ ನೆರಳು:
ಗಡುವು ಮುಗಿದಿದ್ದು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ ಅಲ್ವಾ. ಹನಿ ಬೇರೆ ಹಾಕಿದ್ದಾರೆ.

ಬೆಳಕಿಂಡಿ:
ಎಲ್ಲ ಒಟ್ಟಿಗೆ ಬದಲಿಸಿದ್ದರಿಂದ ಇದೇ ಅಂತ ಹೇಳಲು ಆಗಲ್ಲ. ತಾನಾಗಿ ನಿಲ್ಲುವ ಹೊತ್ತೂ ಬಂದಿರಬಹುದು. ಶಾಲ್ಮಲಿಯವರೇ, ಆ ಪುಸ್ತಕ ಎಸೆಯಬೇಡಿ. ಮತ್ತೆ ಬಂದರೆ ಒಂದೊಂದೇ ಬದಲಿಸಿ ನೋಡಿ.

ನೀಲಿ ಕೊಡೆ:
ನನಗೆ ಮುಂದಿನ ಮಂಗಳವಾರ ಎಂಆರ್‌ಐ. ಹೆಂಡತಿ ನಾನು ಮಲಗಿದ್ದಾಗ ತೆಗೆದ ವಿಡಿಯೋವನ್ನು ಡಾಕ್ಟರು ಎರಡು ಸಲ ನೋಡಿದರು.

ಕೆಂಡಸಂಪಿಗೆ:
ಆದ ಮೇಲೆ ಇಲ್ಲಿ ತಿಳಿಸಿ. ಅಮ್ಮನೂ ಕೇಳುತ್ತಿದ್ದಾರೆ.